ತಲೆಬರಹ ತಿದ್ದಿಕೊಡುತ್ತೇನೆ ಎಂದವರಿಗೆ ಏನು ಉತ್ತರ ಬರೆಯಬೇಕು?

ಪ್ರಶ್ನೆ: ನಮ್ಮ ಯಜಮಾನರು ಕಿವಿ-ಮೂಗು-ಗಂಟಲು ತಜ್ಞರು. ತಾಲ್ಲೂಕು ಕೇಂದ್ರದಲ್ಲಿ ಚಿಕ್ಕ ಕ್ಲಿನಿಕ್ ಇದೆ. ಲೆಕ್ಕಪತ್ರ, ಫೋನು ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ರೋಗಿಗಳಿಗೆ ಅನುಕೂಲವಾಗಲಿ ಎಂದು ಅವರು ಆಗಾಗ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದೇವೆ, ಒಟ್ಟು 23 ವಿಡಿಯೊ. ಮೊನ್ನೆ ಫ್ರೀಲ್ಯಾನ್ಸ್ ವಿಡಿಯೊ ಮಾರ್ಕೆಟಿಂಗ್ ಮಾಡುವವರೊಬ್ಬರು ಇಮೇಲ್ ಕಳಿಸಿದ್ದಾರೆ. ನಮ್ಮ ವಿಡಿಯೊಗಳ ತಲೆಬರಹ, ವಿವರಣೆ ಸರಿಯಿಲ್ಲವಂತೆ. ತಿದ್ದಿಕೊಟ್ಟರೆ ರೋಗಿಗಳು ಹೆಚ್ಚುತ್ತಾರಂತೆ. ತಿಂಗಳಿಗೆ 15,000 ರೂಪಾಯಿ, ಆರು ತಿಂಗಳ ಕರಾರು. ಇದು ನಿಜವೋ, ಮೋಸವೋ? ಬರೀ ತಲೆಬರಹ ಬದಲಿಸಿದರೆ ಏನಾದರೂ ಆಗುತ್ತದೆಯೇ? (ಇಮೇಲ್ ಪ್ರತಿ ಮತ್ತು ನಮ್ಮ ಚಾನೆಲ್‌ನ ಒಂದು ವಿಡಿಯೊದ ಲೆಕ್ಕ ಲಗತ್ತಿಸಿದ್ದೇನೆ.)

ಉತ್ತರ: ನೀವು ಕಳಿಸಿದ ಇಮೇಲನ್ನು ಎರಡು ಸಲ ಓದಿದೆ. ಬರೆದವರು ಮೋಸಗಾರರಂತೆ ಕಾಣುವುದಿಲ್ಲ. ಪಾಸ್‌ವರ್ಡ್ ಕೇಳಿಲ್ಲ, ಡೌನ್‌ಲೋಡ್ ಮಾಡಿ ತೆರೆಯಿರಿ ಎಂದು ಯಾವ ಫೈಲನ್ನೂ ಅಂಟಿಸಿಲ್ಲ. ಇವೆರಡರಲ್ಲಿ ಒಂದಿದ್ದರೂ ಉತ್ತರವನ್ನೇ ಬರೆಯಬೇಡಿ ಎನ್ನುತ್ತಿದ್ದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ, ಒಂದು ಮಾತು ಪೊಳ್ಳು, ಇನ್ನೊಂದು ನಿಮ್ಮ ಯಜಮಾನರಿಗೆ ತೊಂದರೆ ತರುವಂಥದ್ದು. ಮೂರನ್ನೂ ಬಿಡಿಸಿ ನೋಡೋಣ.

ಪೊಳ್ಳು ಯಾವುದೆಂದರೆ ಆ ಕೆಂಪು ಅಂಕಿ. ನಿಮ್ಮ ವಿಡಿಯೊಗೆ ನೂರಕ್ಕೆ 12 ಅಂಕ ಎಂದು ತೋರಿಸುವ ಒಂದು ಚಿತ್ರವನ್ನು ಇಮೇಲಿನ ನಡುವೆ ಹಾಕಿದ್ದಾರೆ. ನೋಡಿದ ಕೂಡಲೇ ಮಗುವಿನ ಪ್ರಗತಿ ಪತ್ರ ನೋಡಿದಂತೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಯೂಟ್ಯೂಬ್ ಕೊಟ್ಟ ಅಂಕವಲ್ಲ. ಬ್ರೌಸರಿಗೆ ಸೇರಿಸಿಕೊಳ್ಳುವ ಖಾಸಗಿ ಉಪಕರಣಗಳು ಇಂಥ ಅಂಕ ಕೊಡುತ್ತವೆ. ಟ್ಯಾಗ್ ಎಷ್ಟು ತುಂಬಿದ್ದೀರಿ, ವಿವರಣೆ ಎಷ್ಟು ಉದ್ದವಿದೆ ಎಂಬಂಥವನ್ನು ಎಣಿಸಿ ತಮ್ಮದೇ ಲೆಕ್ಕದಲ್ಲಿ ಹಾಕುವ ಅಂಕ ಅದು. ಟ್ಯಾಗ್ ಪೆಟ್ಟಿಗೆಯಲ್ಲಿ ಒಟ್ಟು 500 ಅಕ್ಷರಕ್ಕೆ ಜಾಗವಿದೆ. ಅದನ್ನು ತುಂಬಿಸಿಬಿಟ್ಟರೆ ಅಂಕ ಏರಬಹುದು. ಆದರೆ ವಿಡಿಯೊವನ್ನು ಜನರಿಗೆ ಮುಟ್ಟಿಸುವುದರಲ್ಲಿ ಟ್ಯಾಗಿನ ಪಾತ್ರ ತೀರಾ ಸಣ್ಣದು, ಜನ ತಪ್ಪಾಗಿ ಟೈಪ್ ಮಾಡುವ ಪದಗಳಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ ಎಂದು ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಹೇಳಿಕೊಂಡಿದೆ. ಟ್ಯಾಗುಗಳನ್ನು ತಂದು ವಿವರಣೆಯೊಳಗೆ ಸುರಿಯುವುದಂತೂ ಅದರ ನಿಯಮಕ್ಕೇ ವಿರುದ್ಧ. ಆದ್ದರಿಂದ ಆ 12ನ್ನು ಮರೆತುಬಿಡಿ.

ಸರಿಯಾದ ಮಾತು ಇದು: “ನಿಮ್ಮ ತಲೆಬರಹಗಳನ್ನು ರೋಗಿಗಳು ಹುಡುಕುವ ಹಾಗೆ ಬರೆದಿಲ್ಲ.” ತಲೆಸುತ್ತಿನ ಬಗ್ಗೆ ಇರುವ ವಿಡಿಯೊವನ್ನೇ ತೆಗೆದುಕೊಳ್ಳಿ. ಮೊದಲು ವೈದ್ಯರ ಹೆಸರು, ಆಮೇಲೆ ಪದವಿ, ಕೊನೆಯಲ್ಲಿ BPPV Management Part 1. ಯೂಟ್ಯೂಬ್ ತಲೆಬರಹಕ್ಕೆ 100 ಅಕ್ಷರ ಬಿಡುತ್ತದೆ, ಆದರೆ ಫೋನಿನ ಪರದೆಯಲ್ಲಿ ಅಷ್ಟೂ ಕಾಣುವುದಿಲ್ಲ, ಹಿಂದಿನ ಭಾಗ ಕತ್ತರಿಸಿ ಹೋಗುತ್ತದೆ. ಹಾಗಾಗಿ ಜನರ ಕಣ್ಣಿಗೆ ಬೀಳುವುದು ಹೆಸರು ಮತ್ತು ಪದವಿ ಮಾತ್ರ. ಆ ವಿಡಿಯೊ ಬೇಕಾದವರಿಗೆ ಡಾಕ್ಟರ ಹೆಸರು ಇನ್ನೂ ಗೊತ್ತಿಲ್ಲ, ಬಿಪಿಪಿವಿ ಎಂಬ ಪದವಂತೂ ಅವರು ಕೇಳಿಯೇ ಇಲ್ಲ. ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಹೊರಳಿದಾಗ ಕೋಣೆಗೆ ಕೋಣೆಯೇ ಗಿರ್ರನೆ ತಿರುಗಿತು, ಹೆದರಿಕೆಯಾಯಿತು, ಫೋನ್ ಹಿಡಿದುಕೊಂಡರು. ಏನೆಂದು ಟೈಪ್ ಮಾಡುತ್ತಾರೆ?

ಈ ಕೆಲಸದ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಕಷ್ಟ. ನಿಮ್ಮ ಕಡೆಯವರು ‘ತಲೆ ಸುತ್ತು’ ಎನ್ನುತ್ತಾರೆ, ಇನ್ನು ಕೆಲವರಿಗೆ ಅದು ‘ತಲೆ ತಿರುಗೋದು’. ಉತ್ತರ ಕರ್ನಾಟಕದಲ್ಲಿ ‘ಚಕ್ಕರ್ ಬರ್ತದ’ ಅಂದಾರು. ವಯಸ್ಸಾದವರ ಬಾಯಲ್ಲಿ ‘ಬವಳಿ’ ಬರುತ್ತದೆ. ಸಾಲದ್ದಕ್ಕೆ ಬಹಳ ಜನ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ: tale suttu, thale suthu, tale tiruguvudu. ಒಬ್ಬೊಬ್ಬರದು ಒಂದೊಂದು ಕಾಗುಣಿತ. ಟ್ಯಾಗ್ ಪೆಟ್ಟಿಗೆ ನಿಜಕ್ಕೂ ಇರುವುದು ಇಂಥ ನಾಲ್ಕಾರು ರೂಪಗಳಿಗೆ. ನಿಮಗೆ ಇಮೇಲ್ ಬರೆದವರು ಇದೊಂದನ್ನೂ ಎತ್ತಿಲ್ಲ. ಅವರ ಮಾದರಿ ತಲೆಬರಹ ಪೂರ್ತಿ ಇಂಗ್ಲಿಷಿನಲ್ಲಿದೆ, ವಿಡಿಯೊದಲ್ಲಿ ನಿಮ್ಮ ಯಜಮಾನರು ಆಡುವುದು ಅಚ್ಚ ಕನ್ನಡ. ಅವರು ವಿಡಿಯೊವನ್ನು ನೋಡದೆಯೇ ಇಮೇಲ್ ಬರೆದಿದ್ದಾರೆ ಎಂದು ನನಗೆ ಅನ್ನಿಸಿದ್ದು ಇದರಿಂದ.

ಸರಿಯಾದ ಮಾತುಗಳು ಎಲ್ಲಿ ಸಿಗುತ್ತವೆ? ಅರ್ಧ ನಿಮ್ಮ ಕೈಯಲ್ಲೇ ಇವೆ. ಅಪಾಯಿಂಟ್‌ಮೆಂಟಿಗೆ ಫೋನ್ ಮಾಡುವವರು “ಏನು ತೊಂದರೆ?” ಎಂದು ಕೇಳಿದಾಗ ಹೇಳುವ ಮೊದಲ ವಾಕ್ಯವನ್ನು ಒಂದು ವಾರ ಇದ್ದದ್ದು ಇದ್ದ ಹಾಗೆ ಬರೆದಿಡಿ. ಉಳಿದರ್ಧ ನಿಮ್ಮ ಚಾನೆಲ್ಲಿನೊಳಗೇ ಇದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ವಿಡಿಯೊ ತೆರೆದು Analytics, ಅದರಲ್ಲಿ Reach ಒತ್ತಿದರೆ, ನೋಡಿದವರು ಯಾವ ದಾರಿಯಿಂದ ಬಂದರು ಎಂಬ ಪಟ್ಟಿ ಬರುತ್ತದೆ. YouTube search ಎಂಬ ಸಾಲಿನೊಳಗೆ ಹೋದರೆ ಅವರು ಟೈಪ್ ಮಾಡಿದ ಪದಗಳೂ ಕಾಣುತ್ತವೆ.

ನೀವು ಕಳಿಸಿದ ಲೆಕ್ಕದ ಪ್ರಕಾರ ತಲೆಸುತ್ತಿನ ವಿಡಿಯೊವನ್ನು ಹದಿನಾಲ್ಕು ತಿಂಗಳಲ್ಲಿ 412 ಸಲ ನೋಡಿದ್ದಾರೆ. ಅದರಲ್ಲಿ ಹುಡುಕಿಕೊಂಡು ಬಂದದ್ದು 38. External ಎಂಬ ಸಾಲಿನಲ್ಲಿ 251 ಇದೆ, ಅದರಲ್ಲಿ ಮುಕ್ಕಾಲು ಪಾಲು ವಾಟ್ಸಾಪ್. ಅಂದರೆ ಡಾಕ್ಟರನ್ನು ಆಗಲೇ ಕಂಡವರು ಮನೆಯವರಿಗೆ, ನೆಂಟರಿಗೆ ಕಳಿಸಿದ್ದು. ಹುಡುಕಿ ಬಂದ 38ರಲ್ಲಿಯೂ ಹೆಚ್ಚಿನವರು ಡಾಕ್ಟರ ಹೆಸರನ್ನೇ ಟೈಪ್ ಮಾಡಿ ಬಂದಿದ್ದಾರೆ. ತೊಂದರೆಯ ಹೆಸರು ಹೇಳಿ ಹುಡುಕಿದವರಿಗೆ ಈ ವಿಡಿಯೊ ಹೆಚ್ಚುಕಡಿಮೆ ಸಿಕ್ಕೇ ಇಲ್ಲ ಎಂದಾಯಿತು. ಆ ಮಟ್ಟಿಗೆ ಇಮೇಲ್ ಬರೆದವರ ಮಾತಿಗೆ ಆಧಾರವಿದೆ. ತಿದ್ದಿದರೆ ಪ್ರಯೋಜನವಾಗುವಂಥ ವಿಡಿಯೊವೇ ಇದು.

ಇನ್ನು ಮೂರನೆಯದು, ತೊಂದರೆ ತರುವ ಮಾತು. ಅವರು ಕೊಟ್ಟ ಮಾದರಿಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಎರಡೇ ನಿಮಿಷದಲ್ಲಿ ತಲೆಸುತ್ತಿಗೆ ಶಾಶ್ವತ ಪರಿಹಾರ, ನೂರಕ್ಕೆ ನೂರು ಗ್ಯಾರಂಟಿ, ಜಿಲ್ಲೆಯ ಅತ್ಯುತ್ತಮ ಇಎನ್‌ಟಿ ಡಾಕ್ಟರ್’. ಸೀರೆ ಅಂಗಡಿಗೆ ಇಂಥದ್ದು ನಡೆಯಬಹುದು, ವೈದ್ಯರಿಗೆ ನಡೆಯುವುದಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆ ನಿಯಮಗಳ ಪ್ರಕಾರ ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ರೋಗಿಗಳನ್ನು ಕರೆಯಲು ಜಾಹೀರಾತು ಮಾಡುವುದು ವೈದ್ಯರಿಗೆ ಸಲ್ಲದು. ಹೊಸದಾಗಿ ಕ್ಲಿನಿಕ್ ತೆರೆದದ್ದು, ವಿಳಾಸ ಬದಲಾದದ್ದು, ರಜೆಯ ಮೇಲೆ ಹೋಗಿ ಮರಳಿದ್ದು ಇಂಥವನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದು, ಅಷ್ಟೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾಮಾಜಿಕ ಜಾಲತಾಣವನ್ನೂ ಸೇರಿಸಿ ಹೊಸ ನಿಯಮ ಹೊರಡಿಸಿತ್ತು. ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯ ನಿಯಮವನ್ನೇ ಮತ್ತೆ ಜಾರಿಗೆ ತಂದಿತು. ಕಾಯಿಲೆಯ ಬಗ್ಗೆ ಜನರಿಗೆ ತಿಳಿಹೇಳುವುದು ಒಂದು, ‘ನನ್ನಲ್ಲಿಗೇ ಬನ್ನಿ, ಗ್ಯಾರಂಟಿ’ ಎನ್ನುವುದು ಇನ್ನೊಂದು. ನಿಮ್ಮ ಯಜಮಾನರ ವಿಡಿಯೊ ಮೊದಲನೆಯದು. ಆ ತಲೆಬರಹ ಅದನ್ನು ಎರಡನೆಯದಾಗಿ ಮಾಡಿಬಿಡುತ್ತದೆ. ದೂರು ಹೋದರೆ ವೈದ್ಯಕೀಯ ಪರಿಷತ್ತು ನೋಟಿಸ್ ಕೊಡುವುದು ಡಾಕ್ಟರಿಗೆ, ತಲೆಬರಹ ಬರೆದವರಿಗಲ್ಲ.

ಇಮೇಲಿನ ಎರಡನೇ ಪುಟದಲ್ಲಿ ಶ್ರವಣದೋಷದ ವಿಡಿಯೊಗೆ ‘ಕಿವುಡುತನ ಗುಣಪಡಿಸುವ ಔಷಧ’ ಎಂಬ ಅರ್ಥ ಬರುವ ಇನ್ನೊಂದು ಮಾದರಿಯಿದೆ. ಅದನ್ನು ಮುಟ್ಟಲೇ ಬೇಡಿ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕುರಿತ 1954ರ ಕಾಯ್ದೆಯಲ್ಲಿ, ಯಾವ ಕಾಯಿಲೆಗಳಿಗೆ ಔಷಧವಿದೆ ಎಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿಯಿದೆ. ಮಧುಮೇಹ, ಕ್ಯಾನ್ಸರ್, ಕಣ್ಣಿನ ಪೊರೆಗಳ ಜೊತೆಗೆ ಕಿವುಡುತನವೂ ಆ ಪಟ್ಟಿಯಲ್ಲಿದೆ.

ಕಾನೂನು ಹಾಗಿರಲಿ. ನಾನು ಈ ಕೆಲಸ ಶುರುಮಾಡಿದ ಹೊಸತರಲ್ಲಿ ಮೂಳೆ ವೈದ್ಯರೊಬ್ಬರ ವಿಡಿಯೊಗೆ ‘ಮೊಣಕಾಲು ನೋವಿಗೆ ಶಾಶ್ವತ ಪರಿಹಾರ’ ಎಂದು ತಲೆಬರಹ ಕೊಟ್ಟಿದ್ದೆ. ನೋಡುವವರು ಹೆಚ್ಚಿದರು, ನಾನು ಹಿಗ್ಗಿದೆ. ಒಂದು ದಿನ ಅವರ ಕ್ಲಿನಿಕ್ಕಿಗೆ ಹೋದಾಗ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಗನ ಜೊತೆ ಬೆಂಚಿನ ಮೇಲೆ ಕೂತಿದ್ದರು. ಎರಡು ಬಸ್ಸು ಬದಲಿಸಿ ಮೂರು ಗಂಟೆ ಪ್ರಯಾಣ ಮಾಡಿ ಬಂದಿದ್ದರು. ಮಗ ಫೋನಿನಲ್ಲಿ ನನ್ನ ತಲೆಬರಹವನ್ನೇ ತೆರೆದು ತೋರಿಸಿ “ಇದನ್ನ ಮಾಡಿಸ್ಬೇಕಿತ್ತು ಸಾರ್” ಎಂದು ಡಾಕ್ಟರನ್ನು ಕೇಳಿದ. ವಿಡಿಯೊದಲ್ಲಿ ಇದ್ದದ್ದು ನಾಲ್ಕು ವ್ಯಾಯಾಮ, ಅಜ್ಜಿಯ ಮಂಡಿ ಪೂರ್ತಿ ಸವೆದಿತ್ತು. ಡಾಕ್ಟರು ಅವರಿಗೆ ತಿಳಿಹೇಳುವಾಗ ಅಜ್ಜಿ ಒಂದು ಮಾತೂ ಆಡದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಅವತ್ತೇ ಆ ತಲೆಬರಹ ತೆಗೆದೆ. ‘ಶಾಶ್ವತ’, ‘ಗ್ಯಾರಂಟಿ’ ಎಂಬ ಪದಗಳನ್ನು ಮತ್ತೆ ನಾನು ಯಾವ ವೈದ್ಯರಿಗೂ ಬರೆದಿಲ್ಲ.

ಹಾಗಾದರೆ ಈ ವಿಡಿಯೊಗೆ ಯಾವ ತಲೆಬರಹ ಒಪ್ಪುತ್ತದೆ? ಮೊದಲು ಆರು ನಿಮಿಷದ ವಿಡಿಯೊವನ್ನು ಪೂರ್ತಿ ನೋಡಿದೆ. ಒಳಗಿವಿಯಲ್ಲಿ ಇರಬೇಕಾದ ಜಾಗ ಬಿಟ್ಟು ಸರಿದ ಸುಣ್ಣದ ಸಣ್ಣ ಹರಳುಗಳು ಅರ್ಧವೃತ್ತಾಕಾರದ ನಾಳದೊಳಗೆ ಸೇರಿಕೊಂಡಾಗ ಹೇಗೆ ತಲೆ ಸುತ್ತುತ್ತದೆ ಎಂದು ನಿಮ್ಮ ಯಜಮಾನರು ಬಹಳ ಚೆನ್ನಾಗಿ ಹೇಳಿದ್ದಾರೆ. ಪರೀಕ್ಷೆ ಹೇಗೆ ಮಾಡುತ್ತಾರೆ, ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳುಗಳನ್ನು ಹೇಗೆ ಹಿಂದಕ್ಕೆ ಸರಿಸುತ್ತಾರೆ ಎಂದೂ ತೋರಿಸಿದ್ದಾರೆ. ತಲೆಬರಹ ಇಷ್ಟಕ್ಕೇ ನಿಷ್ಠವಾಗಿರಲಿ:

ಮಗ್ಗುಲು ಬದಲಿಸಿದಾಗ ತಲೆ ಸುತ್ತು ಬರುತ್ತದೆಯೇ? ಕಾರಣ ಕಿವಿಯಲ್ಲಿರಬಹುದು | BPPV

ಮೊದಲ ನಾಲ್ಕು ಪದದಲ್ಲೇ ರೋಗಿಯ ಅನುಭವ ಬಂತು. ‘ತಲೆ ಸುತ್ತು’ ಎಂಬ ಹುಡುಕುವ ಪದವೂ ಮುಂದೆಯೇ ಇದೆ, ಕತ್ತರಿಸಿ ಹೋಗುವುದಿಲ್ಲ. ‘ಇರಬಹುದು’ ಎಂಬುದನ್ನು ಬೇಕೆಂದೇ ಇಟ್ಟಿದ್ದೇನೆ, ಏಕೆಂದರೆ ಎಲ್ಲ ತಲೆಸುತ್ತಿಗೂ ಕಿವಿ ಕಾರಣವಲ್ಲ. ಬೇರೆ ವೈದ್ಯರು ಚೀಟಿಯಲ್ಲಿ ಬಿಪಿಪಿವಿ ಎಂದು ಬರೆದುಕೊಟ್ಟವರು ಆ ಪದವನ್ನೇ ಹುಡುಕುತ್ತಾರೆ, ಅವರಿಗಾಗಿ ಅದು ಕೊನೆಯಲ್ಲಿದೆ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದಾಗ ಚಿತ್ರದ ಕೆಳಗೆ ಕಾಣುವುದೂ ತಲೆಬರಹವೇ. ಆ 251ರಲ್ಲಿ ಮುಕ್ಕಾಲು ಪಾಲು ಬಂದ ದಾರಿ ಅದೇ ಆದ್ದರಿಂದ ಅಲ್ಲಿಯೂ ಇದು ಕೆಲಸಕ್ಕೆ ಬರುತ್ತದೆ. ಡಾಕ್ಟರ ಹೆಸರು ತಲೆಬರಹದಲ್ಲಿ ಬೇಡ, ಚಾನೆಲ್ಲಿಗೇ ಅವರ ಹೆಸರಿದೆ.

ವಿವರಣೆಗೆ 5,000 ಅಕ್ಷರದವರೆಗೆ ಜಾಗವಿದ್ದರೂ ಒತ್ತಿ ತೆರೆಯುವ ಮುನ್ನ ಕಾಣುವುದು ಮೊದಲಿನ ಒಂದೆರಡು ಸಾಲು. ಈಗ ಅಲ್ಲಿ ಕ್ಲಿನಿಕ್ಕಿನ ವಿಳಾಸವಿದೆ. ವಿಳಾಸ, ಸಮಯ, ಫೋನ್ ನಂಬರು ಕೆಳಗೆ ಹೋಗಲಿ. ಮೇಲಿನ ಸಾಲುಗಳು ಹೀಗಿರಲಿ:

ಹಾಸಿಗೆಯಲ್ಲಿ ಹೊರಳಿದಾಗ, ಮೇಲೆ ನೋಡಿದಾಗ ಕೆಲವು ಸೆಕೆಂಡು ಎಲ್ಲವೂ ತಿರುಗಿದಂತೆ ಆಗುವುದಕ್ಕೆ (ತಲೆ ತಿರುಗುವುದು, ಚಕ್ಕರ್, ಬವಳಿ) ಒಳಗಿವಿಯ ಹರಳುಗಳು ಕಾರಣವಾಗಿರಬಹುದು. ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಿಲ್ಲಲು ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು ಜೊತೆಗಿದ್ದರೆ ವಿಡಿಯೊ ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡನೇ ವಾಕ್ಯದಿಂದ ಒಬ್ಬ ನೋಡುಗನೂ ಹೆಚ್ಚಲಾರ. ಆದರೂ ಅದು ಇರಲೇಬೇಕು. ಪಾರ್ಶ್ವವಾಯು ಹೊಡೆದವರಿಗೂ ತಲೆ ಸುತ್ತು ಬರುತ್ತದೆ, ಅವರೂ ಇದೇ ಪದವನ್ನೇ ಟೈಪ್ ಮಾಡುತ್ತಾರೆ. ಯಾವ ಕಿವಿಯ ಹರಳು ಎಂದು ಪರೀಕ್ಷೆಯಾಗದೆ ಮನೆಯಲ್ಲೇ ಎಪ್ಲಿ ಪ್ರಯತ್ನಿಸಬೇಡಿ ಎಂಬ ಮಾತನ್ನು ಡಾಕ್ಟರು ವಿಡಿಯೊದ ಕೊನೆಯಲ್ಲಿ ಹೇಳಿದ್ದಾರೆ. ಕೊನೆಯವರೆಗೆ ಎಲ್ಲರೂ ನೋಡುವುದಿಲ್ಲ, ಅದನ್ನೂ ವಿವರಣೆಗೆ ತನ್ನಿ. ಅದರ ಕೆಳಗೆ ಅಧ್ಯಾಯಗಳ ಸಮಯ ಹಾಕಿ:

0:00 ಯಾವಾಗ ಸುತ್ತು ಬರುತ್ತದೆ
1:10 ಕಿವಿಯೊಳಗೆ ಏನಾಗುತ್ತದೆ
2:45 ಪರೀಕ್ಷೆ
4:05 ಎಪ್ಲಿ ವಿಧಾನ
5:20 ಆಮೇಲೆ ಏನು ಮಾಡಬೇಕು

ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆಯಾಗಬಾರದು. ಇಲ್ಲದಿದ್ದರೆ ಯೂಟ್ಯೂಬ್ ಅಧ್ಯಾಯಗಳನ್ನು ತೋರಿಸುವುದಿಲ್ಲ.

ತಲೆಬರಹದಿಂದ ಆಗದ ಕೆಲಸವೂ ಇದೆ, ಅದನ್ನು ಇಮೇಲ್ ಬರೆದವರು ಹೇಳಿಲ್ಲ. ನಿಮ್ಮ ವಿಡಿಯೊದಲ್ಲಿ ಮೊದಲ ನಲವತ್ತು ಸೆಕೆಂಡು ಸಂಗೀತ, ಲಾಂಛನ ಮತ್ತು ಸ್ವಾಗತ. ತಲೆಬರಹ ನೋಡಿ ಒತ್ತಿದವರು ಅಷ್ಟು ಹೊತ್ತಿನೊಳಗೆ ಎದ್ದುಹೋದರೆ ಯೂಟ್ಯೂಬ್ ಅದನ್ನೂ ಗಮನಿಸುತ್ತದೆ. ಹುಡುಕಿದಾಗ ಯಾವ ವಿಡಿಯೊ ಮೇಲೆ ಬರಬೇಕು ಎಂಬುದು ಪದ ಹೊಂದುವುದರಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಆ ಪದ ಹುಡುಕಿದವರು ಯಾವುದನ್ನು ಕೂತು ನೋಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಟುಡಿಯೊದಲ್ಲೇ ಇರುವ ಎಡಿಟರಿನಿಂದ ಆ ನಲವತ್ತು ಸೆಕೆಂಡು ಕತ್ತರಿಸಬಹುದು, ಮತ್ತೆ ಅಪ್‌ಲೋಡ್ ಮಾಡಬೇಕಿಲ್ಲ. ಕತ್ತರಿಸಿದರೆ 0:00 ಒಂದನ್ನು ಬಿಟ್ಟು ಮೇಲಿನ ಅಧ್ಯಾಯದ ಉಳಿದ ಸಮಯಗಳನ್ನೂ ಅಷ್ಟೇ ಹಿಂದಕ್ಕೆ ತನ್ನಿ.

ರೋಗಿಗಳು ಹೆಚ್ಚುತ್ತಾರೆ ಎಂಬ ಮಾತಿಗೂ ಮಿತಿಯಿದೆ. ಕನ್ನಡದ ವಿಡಿಯೊ ಬೀದರ್‌ನಲ್ಲೂ ನೋಡುತ್ತಾರೆ, ದುಬೈನಲ್ಲೂ ನೋಡುತ್ತಾರೆ. ಅವರ್‍ಯಾರೂ ನಿಮ್ಮ ತಾಲ್ಲೂಕಿಗೆ ಬರುವುದಿಲ್ಲ. ‘ಹತ್ತಿರದ ಇಎನ್‌ಟಿ’ ಎಂದು ಹುಡುಕುವವರ ಮುಂದೆ ಬರುವುದು ಗೂಗಲ್ ಮ್ಯಾಪ್, ಯೂಟ್ಯೂಬ್ ಅಲ್ಲ. ಅಲ್ಲಿ ನಿಮ್ಮ ಕ್ಲಿನಿಕ್ ಭಾನುವಾರವೂ ತೆರೆದಿದೆ ಎಂದು ತೋರಿಸುತ್ತಿದೆ. ನಿಮ್ಮ ಇಮೇಲಿನ ಕೆಳಗಿರುವ ಸಮಯದ ಪಟ್ಟಿಯಲ್ಲಿ ಭಾನುವಾರ ರಜೆ. ಅದನ್ನು ಇವತ್ತೇ ತಿದ್ದಿ, ಅದಕ್ಕೆ ಖರ್ಚಿಲ್ಲ.

ಈಗ ಹಣದ ವಿಷಯ. ತಿಂಗಳಿಗೆ 15,000, ಆರು ತಿಂಗಳಿಗೆ 90,000. ಇಪ್ಪತ್ತಮೂರು ವಿಡಿಯೊಗೆ ಹಂಚಿದರೆ ಒಂದಕ್ಕೆ ಸುಮಾರು 3,900 ರೂಪಾಯಿ. ಒಂದು ವಿಡಿಯೊವನ್ನು ಪೂರ್ತಿ ನೋಡಿ, ಪದ ಹುಡುಕಿ, ತಲೆಬರಹ, ವಿವರಣೆ, ಅಧ್ಯಾಯ ಎಲ್ಲ ಬರೆಯಲು ನನಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಇದು ಒಂದು ಸಲ ಮಾಡಿ ಮುಗಿಸುವ ಕೆಲಸ, ತಿಂಗಳ ಸಂಬಳದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ವಿಡಿಯೊಗೆ ಇಷ್ಟು ಎಂದು ಮಾತಾಡಿ, ಮೊದಲಿಗೆ ಮೂರು ವಿಡಿಯೊ ಮಾತ್ರ ಕೊಡಿ. ಹುಡುಕಾಟದಿಂದ ಚೆನ್ನಾಗಿ ನೋಡುಗರು ಬರುತ್ತಿರುವ ಯಾವುದಾದರೂ ವಿಡಿಯೊ ಇದ್ದರೆ ಅದರ ತಲೆಬರಹ ಮುಟ್ಟಲು ಬಿಡಬೇಡಿ. ಹಳೆಯ ತಲೆಬರಹ, ವಿವರಣೆಗಳನ್ನೆಲ್ಲ ಒಂದು ಕಡೆ ನಕಲು ಮಾಡಿಟ್ಟುಕೊಳ್ಳಿ. ಅವರು ಬರೆದದ್ದನ್ನು ಡಾಕ್ಟರು ಓದಿ ಒಪ್ಪಿದ ಮೇಲೆ ನೀವೇ ಅಂಟಿಸಿ. ಆಗ ಚಾನೆಲ್ಲಿನ ಕೀಲಿ ಯಾರಿಗೂ ಕೊಡಬೇಕಾಗಿಲ್ಲ. ಮುಂದೆ ಕೊಡಲೇಬೇಕಾದರೆ Settings ಒಳಗಿನ Permissions ನಲ್ಲಿ ಅವರ ಇಮೇಲ್ ಹಾಕಿ Editor ಎಂದು ಆರಿಸಿ. ಪ್ರಕಟವಾದ ವಿಡಿಯೊ ಅಳಿಸಲು, ಬೇರೆಯವರನ್ನು ಸೇರಿಸಲು ಆ ದರ್ಜೆಯವರಿಗೆ ಆಗುವುದಿಲ್ಲ.

ಫಲ ಬಂತೋ ಇಲ್ಲವೋ ಎಂದು ನೋಡಲು ಬದಲಿಸುವ ಮುಂಚಿನ 28 ದಿನ, ಬದಲಿಸಿದ ನಂತರದ 28 ದಿನ ಹೋಲಿಸಿ. ಒಟ್ಟು ಎಷ್ಟು ಸಲ ನೋಡಿದರು ಎಂಬುದನ್ನು ಬಿಟ್ಟು YouTube search ಸಾಲಿನ ಪದಪಟ್ಟಿ ನೋಡಿ. ಅಲ್ಲಿ ಡಾಕ್ಟರ ಹೆಸರಿನ ಜೊತೆ ‘ತಲೆ ಸುತ್ತು’, tale suttu ಕಾಣಿಸತೊಡಗಿದರೆ ಕೆಲಸ ಆಗುತ್ತಿದೆ. ಎರಡು ತಿಂಗಳಾದರೂ ಬರದಿದ್ದರೆ ಉಳಿದ ಇಪ್ಪತ್ತಕ್ಕೆ ದುಡ್ಡು ಹಾಕಬೇಡಿ. ಜೊತೆಗೆ ಹೊಸ ರೋಗಿಗಳ ರಿಜಿಸ್ಟರಿನಲ್ಲಿ ‘ಹೇಗೆ ಗೊತ್ತಾಯಿತು’ ಎಂದು ಒಂದು ಕಾಲಂ ಹಾಕಿಕೊಳ್ಳಿ.

ಅವರಿಗೆ ಬರೆಯುವ ಉತ್ತರ ನಾಲ್ಕು ಸಾಲಾದರೆ ಸಾಕು: “ನಿಮ್ಮ ಇಮೇಲ್ ತಲುಪಿತು. ತಲೆಸುತ್ತಿನ ವಿಡಿಯೊವನ್ನು ಪೂರ್ತಿ ನೋಡಿ, ಕನ್ನಡದಲ್ಲಿ ಒಂದು ತಲೆಬರಹ, ಒಂದು ವಿವರಣೆ ಬರೆದು ಕಳಿಸಿ, ಅದಕ್ಕೆ ಹಣ ಕೊಡುತ್ತೇವೆ. ಗುಣವಾಗುತ್ತದೆ ಎಂಬ ಭರವಸೆ, ಅತ್ಯುತ್ತಮ ಎಂಬ ಹೊಗಳಿಕೆ ಇರಬಾರದು. ಡಾಕ್ಟರು ಒಪ್ಪಿದರೆ ಇನ್ನೆರಡು ವಿಡಿಯೊ ಕೊಡುತ್ತೇವೆ.” ಅವರು ವಿಡಿಯೊ ನೋಡಿ ಬರೆದು ಕಳಿಸಿದರೆ ಕೆಲಸ ಕೊಡಿ. ಮತ್ತೆ ಆ ಕೆಂಪು ಅಂಕಿಯ ಚಿತ್ರವನ್ನೇ ಕಳಿಸಿದರೆ ಅಲ್ಲಿಗೆ ಬಿಡಿ. ಮೇಲಿನ ತಲೆಬರಹ ಮತ್ತು ವಿವರಣೆಯನ್ನು ನಿಮ್ಮ ಯಜಮಾನರಿಗೆ ತೋರಿಸಿ, ಅವರು ಒಪ್ಪಿದರೆ ಹಾಗೇ ಬಳಸಿಕೊಳ್ಳಿ.